ನಾಲ್ವರು ಬೇಕಾದಲ್ಲಿ ನಾಲ್ವರೇ ಇದ್ದರೆ: ಕ್ಲೌಡ್ ಪಾಲುದಾರ ಯೋಜನೆಯಲ್ಲಿ ನಮ್ಮ ಮೂರು ವರ್ಷ

ಐದರಲ್ಲಿ ಮೂರು ನಕ್ಷತ್ರ.

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮದು ಹನ್ನೊಂದು ಜನರ ಸಾಫ್ಟ್‌ವೇರ್ ಸಂಸ್ಥೆ. ಒಂದು ಕ್ಲೌಡ್ ಕಂಪನಿಯ ಪಾಲುದಾರ ಯೋಜನೆಯ ಎರಡನೇ ಹಂತದಲ್ಲಿದ್ದೇವೆ. ಕಂಪನಿಯ ಹೆಸರು ಬೇಡ, ಏಕೆಂದರೆ ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೇ. ರಿಯಾಯಿತಿ ಸಿಗುತ್ತದೆ, ಟೆಂಡರ್‌ಗಳಲ್ಲಿ ಪಾಲುದಾರ ಪತ್ರ ಲಗತ್ತಿಸಬಹುದು. ಅಷ್ಟರ ಮಟ್ಟಿಗೆ ಯೋಜನೆ ಚೆನ್ನಾಗಿದೆ.

ಈ ಹಂತದಲ್ಲಿ ಉಳಿಯಲು ಪ್ರಮಾಣಪತ್ರ ಪಡೆದ ನಾಲ್ವರು ಎಂಜಿನಿಯರುಗಳು ಬೇಕು. ಲೆಕ್ಕ ತಲೆಗೇ ಹೊರತು ಪ್ರಮಾಣಪತ್ರಕ್ಕಲ್ಲ. ಒಬ್ಬನೇ ಮೂರು ಪರೀಕ್ಷೆ ಪಾಸಾದರೂ ಅವನು ಒಬ್ಬನೇ. ನಮ್ಮಲ್ಲಿ ಸರಿಯಾಗಿ ನಾಲ್ವರಿದ್ದರು, ನಾವೂ ನಿಶ್ಚಿಂತರಾಗಿದ್ದೆವು. ಎರಡನೇ ವರ್ಷದ ಏಪ್ರಿಲ್‌ನಲ್ಲಿ ಒಬ್ಬ ಬೆಂಗಳೂರಿಗೆ ಹೋದ. ಶುಲ್ಕ ಕಟ್ಟಿದ್ದು ನಾವಾದರೂ ಪ್ರಮಾಣಪತ್ರ ಅವನ ಹೆಸರಿನದು, ಅವನೊಂದಿಗೇ ಹೋಯಿತು. ಮೇ ತಿಂಗಳಲ್ಲಿ ಇನ್ನೊಬ್ಬಳ ಪ್ರಮಾಣಪತ್ರದ ಅವಧಿ ಮುಗಿಯಿತು. ನವೀಕರಣದ ನೆನಪೋಲೆ ಬಂದದ್ದು ಅವಳು ಕಾಲೇಜಿನ ದಿನಗಳಲ್ಲಿ ಕೊಟ್ಟಿದ್ದ ಹಳೆಯ ಮಿಂಚಂಚೆಗೆ. ಜೂನ್‌ನ ವಾರ್ಷಿಕ ಪರಿಶೀಲನೆಯಲ್ಲಿ ನಾವು ಇಬ್ಬರೇ.

ಸರಿಪಡಿಸಲು 60 ದಿನ ಕೊಟ್ಟರು. ಸಾಕೆನಿಸಿತ್ತು. ಆದರೆ ಗ್ರಾಹಕರ ಕೆಲಸ ಮಾಡಿಕೊಂಡೇ ಓದುವ ಹುಡುಗನಿಗೆ ತಯಾರಿಗೆ ಏಳು ವಾರ ಹಿಡಿಯಿತು. ಮೊದಲ ಸಲ ಫೇಲಾದ. ಮತ್ತೆ ಬರೆಯಲು 14 ದಿನ ಕಾಯಬೇಕು. ಅಲ್ಲಿಗೆ 63 ದಿನ! ಆರು ತಿಂಗಳು ಕೆಳಗಿನ ಹಂತದಲ್ಲಿ ಕುಳಿತೆವು, ಒಂದು ಸಹಕಾರಿ ಸಂಘದ ಟೆಂಡರ್ ಕೈತಪ್ಪಿತು.

ಈಗ ನಾಲ್ವರ ಜಾಗಕ್ಕೆ ಆರು ಜನರನ್ನು ಇಟ್ಟುಕೊಂಡಿದ್ದೇವೆ: ಒಬ್ಬ ಕೆಲಸ ಬಿಟ್ಟು ಇನ್ನೊಬ್ಬರ ಅವಧಿ ಮುಗಿದರೂ ಲೆಕ್ಕ ತಪ್ಪದ ಹಾಗೆ. ಎಲ್ಲರನ್ನೂ ಒಂದೇ ತಿಂಗಳಲ್ಲಿ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗೆ ಮಾಡಿದರೆ ಅವಧಿಯೂ ಒಟ್ಟಿಗೇ ಮುಗಿಯುತ್ತದೆ. ಅವಧಿಯಂತೂ ಕಂಪನಿಗೊಂದು ಥರ. ಅಮೆಜಾನ್ ಕ್ಲೌಡ್‌ನ ಪ್ರಮಾಣಪತ್ರಗಳಿಗೆ ಮೂರು ವರ್ಷ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಮಟ್ಟದವಕ್ಕೆ ಒಂದೇ ವರ್ಷ, ಆದರೆ ಮುಗಿಯುವ ಆರು ತಿಂಗಳು ಮೊದಲಿನಿಂದಲೇ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು.

ಪಾಸಾದ ದಿನವೇ ಪ್ರಮಾಣಪತ್ರವನ್ನು ಸಂಸ್ಥೆಯ ಪಾಲುದಾರ ಖಾತೆಗೆ ಜೋಡಿಸಿ, ಎಣಿಕೆ ಒಂದು ಏರಿದೆಯೇ ಎಂದು ಪರದೆಯಲ್ಲಿ ನೋಡಿಯೇ ಏಳಬೇಕು. ಜೋಡಿಸದ ಪ್ರಮಾಣಪತ್ರ ಗೋಡೆಯ ಅಲಂಕಾರ, ಅಷ್ಟೆ.

ಬಾಂಡ್ ಬರೆಸಿಕೊಳ್ಳಿ ಎಂದವರಿದ್ದಾರೆ. ನನಗದು ಸರಿಬರಲಿಲ್ಲ, ಹೋಗುವವರು ಹೋಗಿಯೇ ಹೋಗುತ್ತಾರೆ. ಅದರ ಬದಲು ನಮ್ಮ ಸಪೋರ್ಟ್ ವಿಭಾಗದಲ್ಲಿ ಕಾಪುವಿನಿಂದ ದಿನಾ ಬಸ್ಸಿನಲ್ಲಿ ಬರುವ, ಊರು ಬಿಡುವ ಯೋಚನೆಯಿಲ್ಲದ ಸಹೋದ್ಯೋಗಿಯನ್ನು ಓದಿಸಿದೆವು. ಐದನೆಯವರು ಅವರು. ಆರನೆಯವನು ನಾನೇ, ಮಾಲೀಕ ರಾಜೀನಾಮೆ ಕೊಡುವುದಿಲ್ಲವಲ್ಲ. ನಲವತ್ತೇಳನೇ ವಯಸ್ಸಿನಲ್ಲಿ, ಎರಡನೇ ಪ್ರಯತ್ನಕ್ಕೆ ಪಾಸಾದೆ.

ಮೂರನೇ ಹಂತಕ್ಕೆ ಹತ್ತು ಜನ ಬೇಕಂತೆ. ಹನ್ನೊಂದು ಜನರ ಕಚೇರಿಯಲ್ಲಿ ಅದರ ಮಾತೇ ಬೇಡ ಎಂದು ಬಿಟ್ಟಿದ್ದೇವೆ.