ನ್ಯೂಸ್ ಅಲರ್ಟ್: ಟಾಪಿಕ್‌ಗೆ ಕಳಿಸೋದಾ, ಒಬ್ಬೊಬ್ಬರಿಗೇ ಕಳಿಸೋದಾ?

ನೋಟಿಫಿಕೇಶನ್ ಕಳಿಸಲು ಫೈರ್‌ಬೇಸ್ ಬಳಸುವ ಒಂದು ಸುದ್ದಿ ಆ್ಯಪ್ ಇದೆ ಅಂದುಕೊಳ್ಳಿ. ಹಾಸನದಲ್ಲಿ ಜೋರು ಮಳೆ, ಶಾಲೆಗಳಿಗೆ ರಜೆ. ಈ ಸುದ್ದಿ ಹಾಸನದವರಿಗೂ ಹೋಗಬೇಕು, ಮಳೆ ಸುದ್ದಿ ಬೇಕು ಅಂದವರಿಗೂ ಹೋಗಬೇಕು.

ಟಾಪಿಕ್ ಅಂದರೆ ಒಂದೇ ಬಗೆಯ ಸುದ್ದಿ ಬೇಕು ಅಂದವರ ಗುಂಪು. ಈ ದಾರಿಯಲ್ಲಿ ಓದುಗರ ಪಟ್ಟಿ ಇಟ್ಟುಕೊಳ್ಳುವ ತಲೆನೋವು ನಿಮಗಿಲ್ಲ. ಒಂದೇ ಸಲ ಕಳಿಸಿದರೆ ಸಾಕು. ಆದರೆ ಎರಡು ಟಾಪಿಕ್‌ಗೂ ಬೇರೆಬೇರೆಯಾಗಿ ಕಳಿಸಿದರೆ, ಎರಡರಲ್ಲೂ ಇರುವವರ ಫೋನ್ ಎರಡು ಸಲ ಸದ್ದು ಮಾಡುತ್ತದೆ. ಅಂಥವರೇ ಮೊದಲು ನೋಟಿಫಿಕೇಶನ್ ಆಫ್ ಮಾಡೋದು. ಅದಕ್ಕೆ ಎರಡನ್ನೂ ಒಂದೇ ಷರತ್ತಿನಲ್ಲಿ ಸೇರಿಸಿ:

```
'hassan' in topics || 'rain' in topics
```

ಒಂದು ಷರತ್ತಿನಲ್ಲಿ 5 ಟಾಪಿಕ್ ಮಾತ್ರ ಹಿಡಿಸುತ್ತವೆ. ಇನ್ನೊಂದು ಮಿತಿ: ಟಾಪಿಕ್ ವ್ಯವಸ್ಥೆ ಇರೋದು ಜಾಸ್ತಿ ಜನಕ್ಕೆ ತಲುಪಿಸಲಿಕ್ಕೆ, ಕ್ಷಣದಲ್ಲಿ ತಲುಪಿಸಲಿಕ್ಕಲ್ಲ.

ಒಬ್ಬೊಬ್ಬರಿಗೇ ಕಳಿಸುವಾಗ ಪ್ರತಿ ಫೋನಿನ ಟೋಕನ್, ಅಂದರೆ ಆ ಫೋನಿನಲ್ಲಿರುವ ಆ್ಯಪ್‌ನ ಗುರುತು, ನಿಮ್ಮ ಡೇಟಾಬೇಸ್‌ನಲ್ಲಿರಬೇಕು. ಆಗ ಈಗಾಗಲೇ ಸುದ್ದಿ ಓದಿದವರನ್ನು ಬಿಡಬಹುದು, ರಾತ್ರಿ ಬೇಡ ಅಂದವರಿಗೆ ಬೆಳಿಗ್ಗೆ ಕಳಿಸಬಹುದು. ಟಾಪಿಕ್‌ನಲ್ಲಿ ಇದು ಕಷ್ಟ. ಆದರೆ ಟೋಕನ್ ಹಳತಾಗುತ್ತದೆ. ಆ್ಯಪ್ ತೆಗೆದುಹಾಕಿದವರ ಟೋಕನ್‌ಗೆ `UNREGISTERED` ಅಂತ ಉತ್ತರ ಬರುತ್ತದೆ. ಅದನ್ನು ಆಗಲೇ ಅಳಿಸದಿದ್ದರೆ ಪಟ್ಟಿ ಸುಮ್ನೆ ಬೆಳೆಯುತ್ತದೆ, ಎಷ್ಟು ಜನಕ್ಕೆ ತಲುಪಿತು ಅನ್ನೋ ಲೆಕ್ಕವೂ ಕೆಡುತ್ತದೆ.

ಚಿಕ್ಕ ತಂಡವಾದರೆ ಟಾಪಿಕ್‌ನಿಂದಲೇ ಶುರು ಮಾಡಿ, ಜಿಲ್ಲೆ ಮತ್ತು ವಿಷಯಕ್ಕೆ. ಖಾಸಗಿ ವಿಷಯವನ್ನು ಮಾತ್ರ ಟಾಪಿಕ್‌ಗೆ ಹಾಕಲೇಬೇಡಿ. ಚಂದಾ ಮುಗಿಯಿತು ಅನ್ನುವಂಥ ಸಂದೇಶ ಟೋಕನ್‌ಗೇ ಹೋಗಲಿ.