ಮೂವತ್ತು ಎಚ್‌ಪಿ ಪಂಪು, ಮೂರು ಸ್ಟಾರ್ಟರ್: ನಮ್ಮ ತೋಟದಲ್ಲಿ ಯಾವುದು ಉಳಿಯಿತು

ಕಾಫಿ ತೋಟದಲ್ಲಿ ಹೂಮಳೆಯ ಕೆಲಸಕ್ಕೆ ಕಾಯಲು ಸಮಯವಿರುವುದಿಲ್ಲ. ರೊಬಸ್ಟಾ ಮೊಗ್ಗು ಹದಕ್ಕೆ ಬಂದಾಗ ಮಳೆ ಬಾರದಿದ್ದರೆ ತುಂತುರು ನೀರಾವರಿ ಮಾಡಲೇಬೇಕು. ಆ ದಿನಗಳಲ್ಲೇ ನಮ್ಮ 30 ಎಚ್‌ಪಿ ಪಂಪು ಕೈಕೊಡುತ್ತಿತ್ತು. ಸಂಜೆ ಪಂಪು ಚಾಲೂ ಮಾಡಿದೊಡನೆ ಅದೇ ಪಂಪ್‌ಹೌಸಿನಲ್ಲಿರುವ 5 ಎಚ್‌ಪಿ ಪಂಪಿಗೆ ಕರೆಂಟು ಜೋಡಿಸಿ ಹಿಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಕಟಕಟನೆ ಬಡಿದುಕೊಂಡು ಬಿಟ್ಟುಹೋಗುತ್ತಿತ್ತು.

ಮೊದಲು ಲೆಕ್ಕ ಹಾಕಿದೆ. ಮೋಟಾರಿನ ಪೂರ್ಣ ಹೊರೆಯ ಕರೆಂಟು ಸುಮಾರು 40 ಆ್ಯಂಪಿಯರ್. ನೇರವಾಗಿ ಲೈನಿಗೆ ಹಾಕಿದಾಗ ಅದರ ಆರು ಪಟ್ಟು, ಎಂದರೆ 240. ನಮ್ಮ 100 ಕೆವಿಎ ಪರಿವರ್ತಕದ ಪೂರ್ಣ ಕರೆಂಟೇ 133 ಆ್ಯಂಪಿಯರ್. ಅದರ ಒಳತಡೆ, ಎಂದರೆ ಇಂಪಿಡೆನ್ಸ್, 4.5 ಶೇಕಡಾ ಆದ್ದರಿಂದ ಪರಿವರ್ತಕದಲ್ಲಿಯೇ 8 ಶೇಕಡಾ ವೋಲ್ಟೇಜ್ ಇಳಿಯುತ್ತದೆ. ಪಂಪ್‌ಹೌಸಿನವರೆಗಿನ 150 ಮೀಟರ್ ಅಲ್ಯೂಮಿನಿಯಂ ಕೇಬಲ್ ಇನ್ನೊಂದು 5 ಶೇಕಡಾ ತಿನ್ನುತ್ತದೆ. ಹಗಲಿನ 410 ವೋಲ್ಟು 357ಕ್ಕೆ ಇಳಿದರೂ ಕಾಂಟ್ಯಾಕ್ಟರ್ ಹಿಡಿದುಕೊಳ್ಳುತ್ತಿತ್ತು. ಸಂಜೆ ಲೈನೇ 370 ಇರುವಾಗ 320ರ ಹತ್ತಿರಕ್ಕೆ ಬಂದು ಕೈಬಿಡುತ್ತಿತ್ತು.

ಮೋಟಾರಿನ ಸುರುಳಿಗಳನ್ನು ಮೊದಲು ಸ್ಟಾರ್ ಆಗಿ ಜೋಡಿಸಿ ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸಿ, ಆಮೇಲೆ ಡೆಲ್ಟಾಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿದೆವು. ಸ್ಟಾರ್‌ನಲ್ಲಿ ಲೈನ್ ಕರೆಂಟು ಮೂರನೇ ಒಂದು ಪಾಲು, 80 ಆ್ಯಂಪಿಯರ್. ವೋಲ್ಟೇಜ್ 392ರಲ್ಲಿ ನಿಂತಿತು. ನಿಟ್ಟುಸಿರು ಬಿಡುವಷ್ಟರಲ್ಲಿ, ನಾಲ್ಕು ಸೆಕೆಂಡಿಗೆ ಡೆಲ್ಟಾಗೆ ಬದಲಾದಾಗ ದೀಪಗಳು ಮೊದಲಿನಂತೆಯೇ ಮಂಕಾದವು! ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರಿನ ಗರಿಷ್ಠ ಕರೆಂಟು ಹಿಡಿಯುವ ಮೋಡಿನಲ್ಲಿ ನೋಡಿದಾಗ ಆ ಕ್ಷಣದ ಕರೆಂಟು 300 ದಾಟಿತ್ತು. ಸಾಮಾನ್ಯ ಮೋಡಿನಲ್ಲಿ ಇದು ಕಾಣುವುದೇ ಇಲ್ಲ, ಹಾಗಾಗಿ ಎಷ್ಟೋ ಕಡೆ ಸ್ಟಾರ್-ಡೆಲ್ಟಾ ಇದ್ದೂ ಕಾಟ ತಪ್ಪುವುದಿಲ್ಲ.

ಕಾರಣ ಎರಡು. ಬದಲಾಗುವಾಗ ಮೋಟಾರು ಕ್ಷಣಕಾಲ ಲೈನಿನಿಂದ ಬೇರೆಯಾಗುತ್ತದೆ. ಅದರೊಳಗೆ ಉಳಿದ ಕಾಂತಕ್ಷೇತ್ರದ ವೋಲ್ಟೇಜು ಮರುಜೋಡಣೆಯ ಹೊತ್ತಿಗೆ ಲೈನಿನೊಡನೆ ತಾಳ ತಪ್ಪಿರುತ್ತದೆ, ಆಗ ಕೆಲವು ಸೈಕಲ್‌ಗಳ ಮಟ್ಟಿಗೆ ದೊಡ್ಡ ಹೊಡೆತ ಬೀಳುತ್ತದೆ. ಎರಡನೆಯದು ನಾವೇ ಮಾಡಿದ ತಪ್ಪು. ಸ್ಟಾರ್‌ನಲ್ಲಿ ತಿರುಚು ಬಲವೂ ಮೂರನೇ ಒಂದು ಪಾಲು. ಗೇಟ್ ವಾಲ್ವ್ ಪೂರ್ತಿ ತೆರೆದಿದ್ದರಿಂದ ಪಂಪು ಮುಕ್ಕಾಲು ವೇಗದ ಆಸುಪಾಸಿನಲ್ಲಿಯೇ ಒದ್ದಾಡುತ್ತಿತ್ತು. ಅಲ್ಲಿಂದ ಡೆಲ್ಟಾಗೆ ಹೋಗುವುದೆಂದರೆ ಹೆಚ್ಚು ಕಡಿಮೆ ನೇರ ಚಾಲನೆಯೇ. ವಾಲ್ವನ್ನು ಮುಚ್ಚಿಟ್ಟು ಚಾಲೂ ಮಾಡಿ, ಆ್ಯಮೀಟರ್ ಮುಳ್ಳು 80ರಿಂದ ಇಳಿದು ಮೂವತ್ತರ ಬಳಿ ನಿಂತ ಮೇಲೆ ಬದಲಾಗುವಂತೆ ಟೈಮರನ್ನು ಎಂಟು ಸೆಕೆಂಡಿಗೆ ಇಟ್ಟೆವು. ದೀಪದ ಮಿಣುಕು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ವಾಲ್ವ್ ಮುಚ್ಚಲು ಮರೆತ ದಿನ ಮತ್ತೆ ಹಳೆಯ ಕಥೆ.

ಮುಂದಿನ ಹಂಗಾಮಿಗೆ, ಮೋಟಾರಿಗೆ ಹೋಗುವ ವೋಲ್ಟೇಜನ್ನು ಮೆಲ್ಲಗೆ ಏರಿಸುವ ಎಲೆಕ್ಟ್ರಾನಿಕ್ ಸಾಫ್ಟ್ ಸ್ಟಾರ್ಟರ್. ಕರೆಂಟ್ ಮಿತಿಯನ್ನು ಪೂರ್ಣ ಹೊರೆಯ ಕರೆಂಟಿನ ಮೂರು ಪಟ್ಟಿಗೆ, 120 ಆ್ಯಂಪಿಯರಿಗೆ ಇಟ್ಟೆವು. ವೋಲ್ಟೇಜ್ 383ಕ್ಕೆ ಇಳಿಯಿತು, ಅಂದರೆ ಸ್ಟಾರ್‌ಗಿಂತ ಹೆಚ್ಚಿನ ಕುಸಿತ. ಇನ್ನೊಂದು ಮಾತು ಮಾರುವವರು ಹೇಳುವುದಿಲ್ಲ: ಕರೆಂಟು ಅರ್ಧವಾದರೆ ತಿರುಚು ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆ್ಯಂಪಿಯರ್ ಒಂದಕ್ಕೆ ಸಿಗುವ ಬಲದಲ್ಲಿ ಸ್ಟಾರ್ ಸಂಪರ್ಕವೇ ಮೇಲು. ನಾವು ಮಿತಿಯನ್ನು ಎರಡೂವರೆ ಪಟ್ಟಿಗೆ ಇಳಿಸಿದಾಗ ಮೋಟಾರು ಗುಂಯ್‌ಗುಡುತ್ತ ವೇಗ ಏರದೆ ನಿಂತಿತು. ತುಂಬಿದ ಹೊರೆಯೊಡನೆ ಏಳಬೇಕಾದ ಯಂತ್ರಕ್ಕೆ, ಕಲ್ಲು ಕ್ರಷರ್‌ನಂಥದ್ದಕ್ಕೆ, ನಾನು ಇದನ್ನು ಸೂಚಿಸಲಾರೆ. ಆದರೆ ನಮ್ಮ ಪಂಪಿಗೆ ಮೂರು ಪಟ್ಟು ಸಾಕಾಯಿತು. ನಡುವೆ ಹೊಡೆತವಿಲ್ಲ, ವಾಲ್ವ್ ಮರೆತರೂ ಕಾಂಟ್ಯಾಕ್ಟರ್ ಬಿಡಲಿಲ್ಲ.

ನಿಜವಾಗಿ ನನ್ನ ಮನ ಗೆದ್ದದ್ದು ನಿಲ್ಲಿಸುವ ರೀತಿ. ನಮ್ಮ ಪೈಪು ಗುಡ್ಡ ಹತ್ತುತ್ತದೆ. ಮೊದಲು ಪಂಪು ಥಟ್ಟನೆ ನಿಂತಾಗ ನೀರು ಹಿಂದಕ್ಕೆ ಬಂದು ನಾನ್-ರಿಟರ್ನ್ ವಾಲ್ವ್ ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು, ಕೆಳಗಿನ ಜೋಡಣೆ ಎರಡು ಸಲ ಬಿಚ್ಚಿತ್ತು. ಈಗ ಹದಿನೈದು ಸೆಕೆಂಡಿನಲ್ಲಿ ನಿಧಾನವಾಗಿ ನಿಲ್ಲುತ್ತದೆ, ಆ ಸದ್ದು ಕೇಳಿ ಒಂದು ಹಂಗಾಮೇ ಆಯಿತು. ಕರೆಂಟು ಹೋದಾಗ ಮಾತ್ರ ಈ ರಕ್ಷಣೆಯಿಲ್ಲ.

ಕರೆಂಟಿನ ಆವರ್ತನ ಬದಲಿಸಿ ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿಯನ್ನು ನೆರೆಯ ತೋಟದಿಂದ ತಂದು ಮೂರು ದಿನ ನೋಡಿದೆ. ವೋಲ್ಟೇಜ್ ಕುಸಿತದ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ: ಲೈನ್ ಕರೆಂಟು 40ರ ಮೇಲೇರಲಿಲ್ಲ, ವೋಲ್ಟೇಜ್ 400ರಿಂದ ಕೆಳಗಿಳಿಯಲಿಲ್ಲ. ಆದರೆ ವೇಗ ತಗ್ಗಿಸುವ ಲಾಭ ನಮಗೆ ಸಿಗಲಿಲ್ಲ. ವೇಗ ಇಳಿಸಿದರೆ ಒತ್ತಡ ಅದರ ವರ್ಗದಂತೆ ಬೀಳುತ್ತದೆ, ಮೇಲಿನ ಸ್ಪ್ರಿಂಕ್ಲರ್ ನೀರು ಚೆಲ್ಲುತ್ತದೆಯೇ ಹೊರತು ಎರಚುವುದಿಲ್ಲ. ತಗಡಿನ ಪಂಪ್‌ಹೌಸಿನ ಮಾರ್ಚ್ ಬಿಸಿಲಿಗೆ ಮಧ್ಯಾಹ್ನ ಎರಡು ಸಲ ಬಿಸಿಯಾಗಿ ಟ್ರಿಪ್ ಆಯಿತು. ಅದೇ ನೆರೆಯವರಿಗೆ ಅದು ತಕ್ಕ ಸಾಧನ, ಏಕೆಂದರೆ ಅವರು ಚಿಕ್ಕ ಡೀಸೆಲ್ ಜನರೇಟರ್ ಮೇಲೆ ಪಂಪು ಎಬ್ಬಿಸುತ್ತಾರೆ, ಎತ್ತರ ಬೇರೆ ಬೇರೆ ಇರುವ ಬ್ಲಾಕ್‌ಗಳಿಗೆ ಒತ್ತಡ ಹೊಂದಿಸುತ್ತಾರೆ.

ನಮ್ಮ ಪಂಪ್‌ಹೌಸಿನಲ್ಲಿ ಉಳಿದದ್ದು ಸಾಫ್ಟ್ ಸ್ಟಾರ್ಟರ್. ಹಳೆಯ ಸ್ಟಾರ್-ಡೆಲ್ಟಾ ಪೆಟ್ಟಿಗೆಯನ್ನು ಪಕ್ಕದಲ್ಲೇ ಸಿದ್ಧವಾಗಿಟ್ಟಿದ್ದೇನೆ. ಎಲೆಕ್ಟ್ರಾನಿಕ್ ಕಾರ್ಡ್ ಕೆಟ್ಟರೆ ಪೇಟೆಯಿಂದ ಬರುವುದು ವಾರ, ಮೊಗ್ಗು ಅಷ್ಟು ದಿನ ಕಾಯುವುದಿಲ್ಲ.