ಬೆಂಗಳೂರು–ಮಾಂಟ್ರಿಯಲ್ ನಡುವಿನ ಅನಿಮೇಷನ್ ಕೆಲಸಕ್ಕೆ ಕಿಟ್ಸು: ದೀರ್ಘ ಬಳಕೆಯ ನಂತರದ ವಿಮರ್ಶೆ

ನಮ್ಮ ಅನಿಮೇಟರ್‌ಗಳು ಬೆಂಗಳೂರಿನಲ್ಲಿದ್ದಾರೆ, ನಿರ್ದೇಶಕರು ಮತ್ತು ಇನ್ನೊಂದು ಅನಿಮೇಷನ್ ತಂಡ ಮಾಂಟ್ರಿಯಲ್‌ನಲ್ಲಿದೆ. ಬ್ಲೆಂಡರ್‌ನಲ್ಲಿ ತಯಾರಾಗುವ ಸರಣಿಯೊಂದರ ಶಾಟ್‌ಗಳ ಪರಿಶೀಲನೆಗೆ ನಾವು ಫ್ರಾನ್ಸಿನ ಸಿಜಿವೈರ್ ಸಂಸ್ಥೆಯ ಮುಕ್ತ ತಂತ್ರಾಂಶವಾದ ಕಿಟ್ಸುವನ್ನು ಬಹಳ ಕಾಲದಿಂದ ಬಳಸುತ್ತಿದ್ದೇವೆ. ಪ್ರತಿ ಶಾಟ್‌ನ ವಿಡಿಯೋವನ್ನು ಏರಿಸಿ `WFA`, ಅಂದರೆ ಒಪ್ಪಿಗೆಗೆ ಕಾಯುತ್ತಿದೆ, ಎಂದು ಗುರುತಿಸುವುದು, ನೋಡಿದವರು ಆಯಾ ಫ್ರೇಮ್‌ನ ಮೇಲೆಯೇ ಗೆರೆ ಎಳೆದು ಟಿಪ್ಪಣಿ ಬರೆದು `Retake` ಅಥವಾ `Done` ಎಂದು ಬದಲಿಸುವುದು, ಇದಿಷ್ಟು ಅದರ ಮೂಲ ಕ್ರಮ. ಯಾವ ಶಾಟ್ ಯಾರ ಬಳಿ ನಿಂತಿದೆ ಎಂಬುದನ್ನು ಯಾರನ್ನೂ ಕೇಳದೆ ತಿಳಿಯಬಹುದಾದದ್ದೇ ನಮಗೆ ಸಿಕ್ಕ ದೊಡ್ಡ ಅನುಕೂಲ.

ಬೇಸಿಗೆಯಲ್ಲಿ ಮಾಂಟ್ರಿಯಲ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ಸಂಜೆ 6.30. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರವನ್ನು ಹಿಂದಿಟ್ಟ ಮೇಲೆ ಅದೇ ಸಮಯ ನಮಗೆ 7.30 ಆಗುತ್ತದೆ. ಹೀಗಾಗಿ ಟಿಪ್ಪಣಿಯೊಂದು ಅಸ್ಪಷ್ಟವಾಗಿದ್ದು ನಾವು ಬೆಳಿಗ್ಗೆ ಹತ್ತಕ್ಕೆ ಪ್ರಶ್ನೆ ಕೇಳಿದರೆ ಅಲ್ಲಿ ನಡುರಾತ್ರಿಯ ಹೊತ್ತಾಗಿರುತ್ತದೆ, ಉತ್ತರ ಬರುವಷ್ಟರಲ್ಲಿ ನಮ್ಮ ದಿನವೇ ಮುಗಿದಿರುತ್ತದೆ. ಒಂದೇ ಕಟ್ಟಡದಲ್ಲಿ ಐದು ನಿಮಿಷದಲ್ಲಿ ಬಗೆಹರಿಯುವ ಮಾತು ಇಲ್ಲಿ ಒಂದು ಇಡೀ ದಿನವನ್ನು ತಿನ್ನುತ್ತದೆ.

ಈ ತೊಂದರೆಯನ್ನು ಉಪಕರಣವೊಂದೇ ಬಗೆಹರಿಸಲಾರದು ಎಂಬುದು ಪಾತ್ರವೊಂದು ನಡೆದುಹೋಗುವ ದೃಶ್ಯದಲ್ಲಿ ನಮಗೆ ಸ್ಪಷ್ಟವಾಯಿತು. ನಮ್ಮ ಸೀನ್ ಫೈಲುಗಳು 1001ನೇ ಫ್ರೇಮ್‌ನಿಂದ ಆರಂಭವಾಗುತ್ತವೆ, ಮತ್ತು ಎಡಿಟಿಂಗ್‌ಗೆ ಅವಕಾಶವಿರಲೆಂದು ಮೊದಲಿಗೂ ಕೊನೆಗೂ ಎಂಟೆಂಟು ಹೆಚ್ಚುವರಿ ಫ್ರೇಮ್‌ಗಳಿರುತ್ತವೆ. ಪರಿಶೀಲನೆಗೆ ಏರಿಸಿದ ವಿಡಿಯೋದಲ್ಲಿ ಆ ಎಂಟು ಫ್ರೇಮ್‌ಗಳನ್ನು ಕತ್ತರಿಸಲಾಗಿತ್ತು. ನಿರ್ದೇಶಕರು ‘42ನೇ ಫ್ರೇಮ್‌ನಲ್ಲಿ ಊರಿದ ಕಾಲು ಜಾರುತ್ತಿದೆ’ ಎಂದು ಬರೆದರು, ಅನಿಮೇಟರ್ 1042ಕ್ಕೆ ಹೋದರು. ಅವರು ಹೋಗಬೇಕಾಗಿದ್ದದ್ದು 1050ಕ್ಕೆ. ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಸಾಮಾನ್ಯ ನಡಿಗೆಯ ಒಂದು ಹೆಜ್ಜೆಗೆ ಸುಮಾರು 12 ಫ್ರೇಮ್‌ಗಳು ಬೇಕು; ಎಂಟು ಫ್ರೇಮ್‌ಗಳ ಅಂತರದಲ್ಲಿ ನೆಲಕ್ಕೆ ಊರಿದ ಕಾಲೇ ಬದಲಾಗಿತ್ತು. ಎಡಗಾಲನ್ನು ಶ್ರದ್ಧೆಯಿಂದ ತಿದ್ದಿ ಕಳುಹಿಸಿದರು, ಬಲಗಾಲು ಜಾರುತ್ತಲೇ ಇತ್ತು, ಶಾಟ್ ಮತ್ತೊಮ್ಮೆ `Retake` ಆಗಿ ಮರಳಿತು.

ಅಂದಿನಿಂದ ಬ್ಲೆಂಡರ್‌ನ ಔಟ್‌ಪುಟ್ ವಿಭಾಗದಲ್ಲಿರುವ `Burn Into Image` ಅನ್ನು ಆನ್ ಮಾಡಿ, ಸೀನ್‌ನ ಫ್ರೇಮ್ ಸಂಖ್ಯೆಯನ್ನು ಚಿತ್ರದ ಮೇಲೆಯೇ ಅಚ್ಚಾಗಿಸದೆ ಯಾವ ವಿಡಿಯೋವನ್ನೂ ಏರಿಸುವುದಿಲ್ಲ. ಟಿಪ್ಪಣಿ ಬರೆಯುವವರು ಪ್ಲೇಯರ್ ತೋರಿಸುವ ಸಂಖ್ಯೆಯನ್ನು ಬಿಟ್ಟು ಈ ಸಂಖ್ಯೆಯನ್ನೇ ಉಲ್ಲೇಖಿಸುತ್ತಾರೆ. ಇಷ್ಟು ಸಣ್ಣ ನಿಯಮ ಉಳಿಸಿದಷ್ಟು ಸಮಯವನ್ನು ಇನ್ನಾವುದೂ ಉಳಿಸಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಶಾಟ್ ಒಂದನ್ನು ನಮ್ಮವರು ಅರ್ಧ ಮಾಡಿ ಮಾಂಟ್ರಿಯಲ್ ತಂಡಕ್ಕೆ ಒಪ್ಪಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಕಿಟ್ಸುವಿನಲ್ಲಿ ಕಾಣುವುದು ವಿಡಿಯೋ ಮಾತ್ರ. ಅದು ಯಾವ ಫೈಲಿನಿಂದ, ರಿಗ್‌ನ ಯಾವ ಆವೃತ್ತಿಯಿಂದ ಹೊರಬಂದಿದೆ ಎಂಬುದನ್ನು ನಾವೇ ಬರೆಯದಿದ್ದರೆ ಅಲ್ಲಿನವರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಟಿಪ್ಪಣಿಯ ಜೊತೆಗೆ ಚೆಕ್‌ಲಿಸ್ಟ್ ಸೇರಿಸುವ ಸೌಲಭ್ಯವನ್ನು ಇದಕ್ಕೆ ಬಳಸುತ್ತೇವೆ: ಫೈಲಿನ ಆವೃತ್ತಿ, ರಿಗ್‌ನ ಆವೃತ್ತಿ, ಎಲ್ಲಿಂದ ಎಲ್ಲಿಯವರೆಗೆ ಸ್ಪ್ಲೈನ್ ಆಗಿದೆ, ಯಾವ ಭಾಗ ಇನ್ನೂ ಬ್ಲಾಕಿಂಗ್ ಹಂತದಲ್ಲಿದೆ. ಲಿಂಕ್ ಮಾಡಿದ ಫೈಲುಗಳ ಹಾದಿ ರಿಲೇಟಿವ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿದ ನಂತರವೇ ಒಪ್ಪಿಸುತ್ತೇವೆ. ನಮ್ಮ ಯಂತ್ರದಲ್ಲಿ ಸರಿಯಾಗಿ ತೆರೆಯುವ ಫೈಲು ಅಲ್ಲಿ ಪಾತ್ರವೇ ಇಲ್ಲದೆ ತೆರೆದರೆ, ಅದು ನಮಗೆ ತಿಳಿಯುವುದು ಮರುದಿನ ಬೆಳಿಗ್ಗೆ.

ದಿನದ ವರದಿಯನ್ನು ಸಂಜೆ ಆರರೊಳಗೆ ಬರಹದಲ್ಲೇ ಕೊಡುತ್ತೇವೆ. ಏನು ಏರಿಸಿದೆ, ಎಲ್ಲಿ ನಿಂತಿದೆ, ನಾಳೆ ಬೆಳಿಗ್ಗೆಯೊಳಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬ ಮೂರು ಸಾಲುಗಳು ಸಾಕು. ವಿಡಿಯೋ ಕರೆ ವಾರಕ್ಕೆರಡು ಬಾರಿ ಮಾತ್ರ, ಅದೂ ನಟನೆಯ ಭಾವ ಅಥವಾ ಟೈಮಿಂಗ್‌ನಂತಹ, ಬರೆದು ತಿಳಿಸಲು ಕಷ್ಟವಾದ ವಿಷಯಗಳಿಗೆ. ಆಗ ಎಲ್ಲರ ಪರದೆಯ ಮೇಲೂ ಒಂದೇ ಫ್ರೇಮ್ ತೋರಿಸುವ ಕಿಟ್ಸುವಿನ ರಿವ್ಯೂ ರೂಮ್ ಬಹಳ ಉಪಯೋಗಕ್ಕೆ ಬರುತ್ತದೆ.

ತಂತ್ರಾಂಶ ಉಚಿತವಾಗಿ ಸಿಗುತ್ತದೆಯಾದರೂ ಸ್ವಂತ ಸರ್ವರ್‌ನಲ್ಲಿ ನಡೆಸುವವರು ಬ್ಯಾಕಪ್ ಮತ್ತು ಅಪ್‌ಡೇಟ್‌ಗಳನ್ನು ನೋಡಿಕೊಳ್ಳುವ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅಂಥವರಿಲ್ಲದ ಸಣ್ಣ ತಂಡಗಳಿಗೆ ಸಿಜಿವೈರ್ ತಾನೇ ನಡೆಸುವ, ಹಣ ಕೊಟ್ಟು ಪಡೆಯುವ ಸೇವೆಯೇ ಸೂಕ್ತ.